ದೊಡ್ಡಮ್ಮನ ಕ್ಯಾಲೆಂಡರ್‌ನಲ್ಲಿ ಅಷ್ಟಮಿ ಯಾವತ್ತು?

ಕಳೆದ ವರ್ಷ, ಅಂದರೆ 2025ರ ಆಗಸ್ಟ್ 14ರಂದು, ನಾವು ಚಕ್ಕುಲಿಯ ಬಗ್ಗೆ ಒಂದು ಬರಹ ಹಾಕಿದೆವು. ಶೀರ್ಷಿಕೆ "ಅಷ್ಟಮಿಗೆ ದೊಡ್ಡಮ್ಮನ ಗರಿಗರಿ ಚಕ್ಕುಲಿ". ಫೋಟೋ ಸೂಪರ್ ಆಗಿತ್ತು, ಅಳತೆ ಸರಿ ಇತ್ತು, ಕೊನೆಯಲ್ಲಿ "ಆರ್ಡರ್‌ಗೆ ಕರೆ ಮಾಡಿ" ಅಂತಲೂ ಹಾಕಿದ್ದೆವು. ಓದಿದವರು ಹದಿನೇಳು ಜನ. ಅದರಲ್ಲಿ ಮೂವರು ನಾವೇ. ಸಂಜೆ ದೊಡ್ಡಮ್ಮನ ಫೋನ್ ಬಂತು. "ಮಕ್ಳೇ, ಅಷ್ಟಮಿಗೆ ಇನ್ನೂ ಒಂದು ತಿಂಗಳು ಉಂಟಲ್ಲ, ಈಗ್ಲೇ ಎಂತಕ್ಕೆ ಹಾಕಿದ್ದು?"

ನಾವು ಫೋನಿನ ಕ್ಯಾಲೆಂಡರ್ ನೋಡಿ ಹಾಕಿದ್ದು. ಅದರಲ್ಲಿ ಜನ್ಮಾಷ್ಟಮಿ ಆಗಸ್ಟ್ 16 ಅಂತ ಇತ್ತು. ಆದರೆ ಉಡುಪಿಯ ಲೆಕ್ಕ ಬೇರೆ. ಇಲ್ಲಿ ಸೌರಮಾನದ ಸಿಂಹ ಮಾಸದಲ್ಲಿ ಬರುವ ಅಷ್ಟಮಿಯನ್ನು ಹಿಡಿಯುತ್ತಾರೆ. ಸಿಂಹ ಮಾಸ ಶುರುವಾಗೋದೇ ಆಗಸ್ಟ್ 17ರ ಹೊತ್ತಿಗೆ. ಹಾಗಾಗಿ 16ರ ಅಷ್ಟಮಿ ಒಂದೇ ದಿನದಿಂದ ಲೆಕ್ಕದ ಹೊರಗೆ ಹೋಯಿತು, ಕೃಷ್ಣ ಮಠದಲ್ಲಿ ಅಷ್ಟಮಿ ಆದದ್ದು ಸೆಪ್ಟೆಂಬರ್ 14ಕ್ಕೆ. ಇಲ್ಲಿನ ಎಷ್ಟೋ ಮನೆಗಳಲ್ಲೂ ಅದೇ ದಿನ. ನಿಜವಾಗಿ ಜನ ಚಕ್ಕುಲಿ ಹುಡುಕುವ ವಾರ ಬಂದಾಗ ನಮ್ಮ ಬರಹ ಎಂಟು ಬರಹಗಳ ಕೆಳಗೆ ಹೂತು ಹೋಗಿತ್ತು.

ಈ ಕತೆಗೆ ಸ್ವಲ್ಪ ಹಿನ್ನೆಲೆ ಬೇಕು. ನಾವು ಅಂದರೆ ಒಂದೇ ಸೆಕ್ಷನ್‌ನ ಮೂವರು. ನಮ್ಮಲ್ಲಿ ಒಬ್ಬರ ದೊಡ್ಡಮ್ಮ ಎಲ್ಲೂರಿನವರು, ಈಗ ಮೂವರಿಗೂ ದೊಡ್ಡಮ್ಮನೇ. ವಿಶ್ವೇಶ್ವರ ದೇವಸ್ಥಾನ ಇರುವ ಅದೇ ಎಲ್ಲೂರು, ಕಾಪುವಿನ ಹತ್ತಿರ. ಅವರು ಮನೆಯಲ್ಲೇ ಅಡುಗೆ ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ: ಮಳೆಗಾಲದಲ್ಲಿ ಪತ್ರೊಡೆ, ಹಬ್ಬಕ್ಕೆ ಚಕ್ಕುಲಿ, ಉಂಡೆ, ಮೂಡೆ, ಮಾಮೂಲಿ ದಿನ ನೀರುದೋಸೆ. ಅವರ ಅಡುಗೆಯನ್ನು ಬರೆದಿಡೋಣ, ಅದನ್ನು ಓದಿದವರಲ್ಲಿ ಕೆಲವರು ಆರ್ಡರನ್ನೂ ಕೊಡಲಿ ಅಂತ ಒಂದು ಬ್ಲಾಗ್ ಶುರು ಮಾಡಿದೆವು. ಮೊದಲ ದಿನವೇ ಸ್ಪ್ರೆಡ್‌ಶೀಟ್ ತೆರೆದು ವಾರಕ್ಕೆ ಎರಡು ಬರಹ, ವರ್ಷಕ್ಕೆ 104 ಸಾಲು ತುಂಬಿಸಿಬಿಟ್ಟೆವು. ಬಣ್ಣ ಕೂಡ ಕೊಟ್ಟೆವು. ಹಸಿರು ತರಕಾರಿಗೆ, ನೀಲಿ ಮೀನಿಗೆ, ಕೇಸರಿ ಹಬ್ಬಕ್ಕೆ. ಆ ಶೀಟು ಈಗಲೂ ಇದೆ, ನೋಡಿದರೆ ನಾಚಿಕೆ ಆಗ್ತದೆ.

ಐದನೇ ವಾರಕ್ಕೆ ಉಸಿರು ಬಿಡಲು ಶುರುವಾಯಿತು. ಒಂಬತ್ತನೇ ವಾರ ನಿಂತಿತು. ಬೇಸರದ ವಿಷಯ ಅದಲ್ಲ. ದೊಡ್ಡಮ್ಮ ಒಂದು ದಿನ ಕೈ ಒರೆಸಿಕೊಳ್ಳುತ್ತಾ, "ನನ್ನಿಂದ ಆಗ್ಲಿಲ್ಲ ಮಕ್ಳೇ. ನೀವು ಅಷ್ಟು ಚಂದ ಮಾಡಿ ಕೊಟ್ಟದ್ದು" ಅಂದರು. ಮೂವತ್ತು ವರ್ಷದಿಂದ ಒಂದು ಆರ್ಡರನ್ನೂ ತಪ್ಪಿಸದ ಹೆಂಗಸು, ನಾವು ಅರ್ಧ ಗಂಟೆಯಲ್ಲಿ ಡ್ರ್ಯಾಗ್ ಮಾಡಿ ತುಂಬಿಸಿದ ಸಾಲುಗಳ ಮುಂದೆ ತಾನು ಸೋತೆ ಅಂದುಕೊಂಡಿದ್ದರು. ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಾವು ಯಾರೂ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆವು, ಮೊದಲೇ ಮಾಡಬೇಕಿದ್ದದ್ದು. ಒಂದೇ ಒಂದು ಬರಹಕ್ಕೆ ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಇಟ್ಟು ಅಳೆದೆವು. ದೊಡ್ಡಮ್ಮ ಮೊದಲ ಸಲ ಮಾಡುವಾಗ ನಾವು ತಕ್ಕಡಿ ಹಿಡಿದು ನಿಲ್ಲುವುದು, ಎರಡೂವರೆ ಗಂಟೆ. ಯಾಕೆಂದರೆ ಅವರ ಪಾಕದಲ್ಲಿ ಅಳತೆ ಇರುವುದು ಕೈಯಲ್ಲಿ. "ನಿಂಬೆ ಗಾತ್ರದ ಹುಳಿ" ಅಂತಾರೆ. ಮೂರು ಸಲ ತೂಗಿದರೆ 22, 31, 27 ಗ್ರಾಂ ಬಂತು. ಯಾವುದು ಸರಿ ಅಂತ ಕೇಳಿದರೆ "ಮೂರೂ ಸರಿ, ಹುಳಿ ಹಳೆದಾ ಹೊಸದಾ ನೋಡ್ಬೇಕು" ಅಂತ ಉತ್ತರ. ನಂತರ ಬರೆದದ್ದನ್ನು ಮಾತ್ರ ನೋಡಿಕೊಂಡು, ಅವರನ್ನು ಕೇಳದೆ, ನಮ್ಮಲ್ಲಿ ಒಬ್ಬರು ಮಾಡಿ ನೋಡುವುದು, ಎರಡು ಗಂಟೆ. ಫೋಟೋಗೆ ಒಂದು ಗಂಟೆ. ಬರೆಯುವುದಕ್ಕೆ ಒಂದೂವರೆ, ನಾವೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಟೈಪ್ ಮಾಡುವ ಸ್ಪೀಡು ಅಷ್ಟೇ. ಕೊನೆಗೆ ದೊಡ್ಡಮ್ಮನಿಗೆ ಓದಿ ಹೇಳಿ ತಿದ್ದುವುದು ಅರ್ಧ ಗಂಟೆ. ಒಟ್ಟು ಏಳೂವರೆ ಗಂಟೆ.

ಏಳೂವರೆಯನ್ನು 104ರಿಂದ ಗುಣಿಸಿದರೆ 780 ಗಂಟೆ. ಇದರಲ್ಲಿ ದೊಡ್ಡಮ್ಮನೇ ಇರಬೇಕಾದದ್ದು ಪ್ರತಿ ಬರಹಕ್ಕೆ ಸುಮಾರು ನಾಲ್ಕು ಗಂಟೆ. ಅವರಿಗೆ ಶುಕ್ರವಾರದಿಂದ ಭಾನುವಾರ ಆರ್ಡರ್, ಸೋಮವಾರ ಪಾತ್ರೆ ಮತ್ತು ಲೆಕ್ಕ. ಬಿಡುವು ಅಂತ ಇರುವುದು ಮಂಗಳವಾರ, ಬುಧವಾರ ಬೆಳಿಗ್ಗೆ, ಎರಡೂ ಸೇರಿ ನಾಲ್ಕು ಗಂಟೆ. ಅಂದರೆ ಅವರು ಬಿಡುವಿನ ಪೂರ್ತಿ ಹೊತ್ತನ್ನು ನಮಗೇ ಕೊಟ್ಟರೂ ವಾರಕ್ಕೆ ಒಂದು ಬರಹ, ಎರಡು ಸಾಧ್ಯವೇ ಇಲ್ಲ. ಮತ್ತೆ ಮನುಷ್ಯರು ಬಿಡುವು ಪೂರ್ತಿ ಕೊಡಬಾರದು.

ಹಾಗಾಗಿ ತಿಂಗಳಿಗೆ ಎರಡು ಅಂತ ಮಾಡಿದೆವು. ಹಬ್ಬದ ಆರ್ಡರ್ ಜಾಸ್ತಿ ಇರುವ ಸೆಪ್ಟೆಂಬರ್, ನವೆಂಬರ್, ನಮ್ಮ ಸೆಮ್ ಪರೀಕ್ಷೆ ಬೀಳುವ ಜನವರಿ, ಜೂನ್, ಈ ನಾಲ್ಕು ತಿಂಗಳಲ್ಲಿ ಒಂದೊಂದೇ. ಒಟ್ಟು 20 ಬರಹ, 150 ಗಂಟೆ. 104 ಎಲ್ಲಿ, 20 ಎಲ್ಲಿ ಅಂತ ಮೊದಲು ಬೇಜಾರಾಯಿತು. ಆದರೆ 104ರಲ್ಲಿ ನಾವು ನಿಜವಾಗಿ ಹಾಕಿದ್ದು ಹದಿನೈದು. ಅದರಲ್ಲೂ ಆರು ಬರಹವನ್ನು ಎರಡನೇ ಸಲ ಮಾಡಿ ನೋಡಿರಲೇ ಇಲ್ಲ.

ಇದರ ಜೊತೆ ಒಂದು ನಿಯಮ: ಪೂರ್ತಿ ತಯಾರಾದ ಮೂರು ಬರಹ ಯಾವಾಗಲೂ ಡಬ್ಬದಲ್ಲಿ ಇರಬೇಕು. ಒಂದು ಹಾಕಿದರೆ ಎರಡು ಉಳಿಯಬೇಕು, ಎರಡಕ್ಕಿಂತ ಕೆಳಗೆ ಇಳಿದರೆ ಹೊಸದು ಹಾಕುವುದು ಬಂದ್, ಮೊದಲು ಡಬ್ಬ ತುಂಬಿಸುವುದು. ಓಎಸ್ ಕ್ಲಾಸಿನಲ್ಲಿ ಪ್ರೊಡ್ಯೂಸರ್ ಕನ್ಸ್ಯೂಮರ್ ಅಂತ ನಿದ್ದೆ ಮಾಡಿದ್ದು ಇದೇ. ಡಬ್ಬಕ್ಕೆ ಹಾಕುವುದು ಮಾತ್ರ ಯಾವ ದಿನವಾದರೂ ಬಳಕೆಯಾಗುವ ಅಡುಗೆ: ನೀರುದೋಸೆ, ತಂಬುಳಿ, ಕೊದ್ದೆಲು. ಪತ್ರೊಡೆಯನ್ನು ಡಬ್ಬದಲ್ಲಿಟ್ಟರೆ ಫೆಬ್ರವರಿಯಲ್ಲಿ ತೆಗೆದು ಏನು ಮಾಡುವುದು? ಆಗ ಎಲೆಯೇ ಇರುವುದಿಲ್ಲ.

ಕ್ಯಾಲೆಂಡರ್‌ನ ನಿಜವಾದ ತಲೆನೋವು ಇಲ್ಲೇ ಇರುವುದು. ಒಂದು ಅಡುಗೆಗೆ ಎರಡು ದಿನಾಂಕ ಇರುತ್ತದೆ. ಸಾಮಾನು ಸಿಗುವ ದಿನ ಒಂದು, ಓದುವವರಿಗೆ ಅದು ಬೇಕಾಗುವ ದಿನ ಇನ್ನೊಂದು. ಇವೆರಡರ ಮಧ್ಯದ ಜಾಗದಲ್ಲಿ ನಮ್ಮ ಏಳೂವರೆ ಗಂಟೆ ಹಿಡಿಸಬೇಕು. ಅದಕ್ಕೆ ಹೊಸ ಶೀಟಿನಲ್ಲಿ ಹಾಕುವ ದಿನಾಂಕವನ್ನು ಮೊದಲು ಬರೆಯುವುದಿಲ್ಲ. ಬೇಕಾಗುವ ದಿನ ಬರೆದು ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ.

ಪತ್ರೊಡೆಯನ್ನೇ ತಗೊಳ್ಳಿ. ಆಟಿ ತಿಂಗಳು ಜುಲೈ 17ರ ಹೊತ್ತಿಗೆ ಶುರು, ಜನರಿಗೆ ಪತ್ರೊಡೆ ನೆನಪಾಗುವುದು ಆಗ. ಮಾಡುವುದು ರಜೆಯ ದಿನ, ಅಂದರೆ ಭಾನುವಾರ. ಅದಕ್ಕೆ ಶನಿವಾರ ಎಲೆ ಕೊಯ್ಯಬೇಕು ಅಥವಾ ಪೇಟೆಯಿಂದ ತರಬೇಕು, ಭಾನುವಾರ ಅಕ್ಕಿ ಮೂರು ನಾಲ್ಕು ಗಂಟೆ ನೆನೆಯಬೇಕು. ಗುರುವಾರ ಸಂಜೆ ಓದಿದರೆ ಇಷ್ಟಕ್ಕೆಲ್ಲ ಸಮಯ ಸಿಗುತ್ತದೆ, ಭಾನುವಾರ ಬೆಳಿಗ್ಗೆ ಓದಿದರೆ "ಮುಂದಿನ ವಾರ ನೋಡೋಣ" ಆಗಿ ಮರೆತೇ ಹೋಗುತ್ತದೆ. ಹಾಗಾಗಿ ಗುರುವಾರ, ಜುಲೈ 9. ಇನ್ನೊಂದು ಕಡೆಯಿಂದ ನೋಡಿದರೆ, ಕೆಸುವಿನ ಎಲೆ ಮಳೆ ಬಂದ ಮೇಲೆ ಜೂನ್‌ನಲ್ಲಿ ಚಿಗುರುತ್ತದೆ, ಸುತ್ತುವಷ್ಟು ದೊಡ್ಡದಾಗಲು ಮೂರನೇ ವಾರ ಆಗಬೇಕು. ಜೂನ್ 23 ಮಂಗಳವಾರ ದೊಡ್ಡಮ್ಮ ಮಾಡುವುದು, 30ಕ್ಕೆ ನಾವು ಮಾಡಿ ನೋಡುವುದು, ಆಮೇಲೆ ತಿದ್ದಲು ಒಂದು ವಾರ. ಮಧ್ಯದಲ್ಲಿ ಒಂದೇ ಒಂದು ಮಂಗಳವಾರ ತಪ್ಪಿದರೂ ಜುಲೈ 9 ತಪ್ಪುತ್ತದೆ. ಕಳೆದ ವರ್ಷ ಇದೇ ಆದದ್ದು. ಗಾಳಿಗೆ ಮರ ಬಿದ್ದು ಇಡೀ ದಿನ ಕರೆಂಟ್ ಇರಲಿಲ್ಲ, ಅಕ್ಕಿ ರುಬ್ಬಲು ಆಗಲಿಲ್ಲ. ಕಡೆಯುವ ಕಲ್ಲು ಉಂಟು ಅಂದರು ದೊಡ್ಡಮ್ಮ. ನಾವು ಮೂವರೂ ಸರದಿಯಲ್ಲಿ ತಿರುಗಿಸಿ ಹತ್ತು ನಿಮಿಷಕ್ಕೆ ಕೈ ಎತ್ತಿದೆವು.

ಎರಡನೇ ಸಲ ಮಾಡಿ ನೋಡುವುದನ್ನು ಬಿಟ್ಟರೆ ಏನಾಗುತ್ತದೆ ಅಂತ ಪತ್ರೊಡೆಯಲ್ಲೇ ಗೊತ್ತಾಯಿತು. ನಾವು ಬರೆದದ್ದು ಹೀಗೆ: ಎರಡು ಕಪ್ ಅಕ್ಕಿ, ಹುರಿದ ಎಂಟು ಒಣಮೆಣಸು, ಕೊತ್ತಂಬರಿ, ಜೀರಿಗೆ, ಒಂದು ಕಪ್ ತೆಂಗಿನತುರಿ, ಹುಳಿ, ಬೆಲ್ಲ, ಉಪ್ಪು, ಸೇರಿಸಿ ರುಬ್ಬಿ, ಎಲೆಗೆ ಹಚ್ಚಿ, ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಎಲ್ಲಾ ಸರಿ ಇದೆ ಅನಿಸುತ್ತದಲ್ಲ? ನಮ್ಮಲ್ಲಿ ಒಬ್ಬರು ಇದನ್ನು ನೋಡಿ ಮಾಡಿದಾಗ ಹಿಟ್ಟು ದೋಸೆಹಿಟ್ಟಿನಷ್ಟು ತೆಳ್ಳಗಾಗಿ ಎಲೆಯಿಂದ ಜಾರಿ ಇಡ್ಲಿ ಪಾತ್ರೆಯ ತಳ ಸೇರಿತು. ದೊಡ್ಡಮ್ಮ ನೀರು ಹಾಕುವುದು ಬರೀ ಒಂದೆರಡು ಚಮಚ, ಮಿಕ್ಸಿ ತಿರುಗುವಷ್ಟು. ಅವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ, ನಮಗೆ ಕೇಳಬೇಕು ಅಂತ ಗೊತ್ತಿಲ್ಲ. ಜೊತೆಗೆ ತಿಂದವರಿಗೆ ಗಂಟಲು ತುರಿಸಿತು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಇರುತ್ತವೆ, ತುರಿಕೆ ಅದರಿಂದ. ಹುಳಿ ಚೆನ್ನಾಗಿ ಬೀಳಬೇಕು, ಪೂರ್ತಿ ಬೇಯಬೇಕು, ದಪ್ಪ ನರವನ್ನು ಕೆತ್ತಿ ತೆಗೆಯಬೇಕು. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಈ ತೊಂದರೆ ಬಹಳ ಕಡಿಮೆ. ನಮ್ಮ 22 ಗ್ರಾಂ ಹುಳಿ ಸಾಕಾಗಿರಲಿಲ್ಲ. ಬರಹದಲ್ಲಿ ಈಗ 30 ಅಂತ ಇದೆ.

ಶೀರ್ಷಿಕೆಯೂ ಅಲ್ಲಿಂದಲೇ ಸಿಕ್ಕಿತು. ಮೊದಲು ನಾವು "ಮಳೆಗಾಲದ ಸವಿ, ಅಜ್ಜಿಯ ಕೈರುಚಿ" ಅಂತೆಲ್ಲ ಇಡುತ್ತಿದ್ದೆವು. ಅದನ್ನು ಓದಿದರೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡಮ್ಮನಿಗೆ ಆರ್ಡರ್ ಕೊಡುವವರು ಫೋನಿನಲ್ಲಿ ಒಂದಲ್ಲ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಫೋನಿನ ಪಕ್ಕ ಒಂದು ಹಳೇ ಲ್ಯಾಬ್ ರೆಕಾರ್ಡ್ ಇಟ್ಟು, ಕೇಳಿದ್ದನ್ನು ಹಾಗೇ ಬರೆದಿಡಲು ಹೇಳಿದೆವು. ಎರಡು ತಿಂಗಳಲ್ಲಿ ನಾಲ್ಕು ಪುಟ ತುಂಬಿತು. "ಪತ್ರೊಡೆ ತಿಂದ್ರೆ ಗಂಟಲು ತುರಿಸ್ತದಲ್ಲ, ನಿಮ್ದು ಹೇಗೆ ತುರಿಸುದಿಲ್ಲ?" ಇದು ಐದು ಜನ ಕೇಳಿದ್ದು. ಹಾಗಾಗಿ ಈ ವರ್ಷದ ಶೀರ್ಷಿಕೆ "ಪತ್ರೊಡೆ: ಗಂಟಲು ತುರಿಸದ ಹಾಗೆ ಎಲೆ ಆರಿಸಿ ಮಾಡುವುದು". ಅಡುಗೆಯ ಹೆಸರು ಮೊದಲು, ಪ್ರಶ್ನೆ ಆಮೇಲೆ. ಹೆಸರನ್ನು ಜನ `patrode` ಅಂತಲೂ `pathrode` ಅಂತಲೂ ಟೈಪ್ ಮಾಡುತ್ತಾರೆ, ಅದಕ್ಕೆ ಎರಡನ್ನೂ ಬರಹದೊಳಗೆ ಒಂದು ಕಡೆ ಹಾಕುತ್ತೇವೆ. ಚಕ್ಕುಲಿಗೆ "ಚಕ್ಕುಲಿ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿ ಹೋಗುವುದೇಕೆ?" (ಬೆಣ್ಣೆ ಜಾಸ್ತಿಯಾದರೆ ಬಿಚ್ಚುತ್ತದೆ, ತೀರಾ ಕಡಿಮೆಯಾದರೆ ಕಲ್ಲಾಗುತ್ತದೆ.) ಆ ರೆಕಾರ್ಡ್ ಪುಸ್ತಕ ಬಂದ ಮೇಲೆ ಐಡಿಯಾ ಇಲ್ಲ ಅಂತ ನಾವು ಕೂತದ್ದೇ ಇಲ್ಲ.

ಕೆಲವು ಅಡುಗೆಗೆ ಒಂದು ಸಾಲು ಸಾಕಾಗುವುದಿಲ್ಲ. ಕಳೆದ ವರ್ಷ ಆಟಿಯಲ್ಲಿ ನಾವು ಉಪ್ಪು ಸೊಳೆಯ ರೊಟ್ಟಿ ಹಾಕಿದೆವು, ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಅಂತಾರಲ್ಲ, ಅದು. ಓದಿದ ಒಬ್ಬರು ಫೋನ್ ಮಾಡಿ "ಸೊಳೆ ಎಲ್ಲಿ ಸಿಗ್ತದೆ?" ಅಂತ ಕೇಳಿದರು. ದೊಡ್ಡಮ್ಮ ನಕ್ಕು "ಮೇ ತಿಂಗಳಲ್ಲಿ ಸಿಗ್ತಿತ್ತು" ಅಂದರಂತೆ. ಬಲಿತ, ಆದರೆ ಹಣ್ಣಾಗದ ಹಲಸಿನ ಸೊಳೆಯನ್ನು ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಭಾರ ಇಟ್ಟು ಮುಚ್ಚಬೇಕು. ತಾನೇ ಬಿಟ್ಟ ನೀರಿನಲ್ಲಿ ಸೊಳೆ ಮುಳುಗಿರಬೇಕು, ಮೇಲೆ ತೇಲಿದ್ದು ಹಾಳಾಗುತ್ತದೆ. ಮಳೆಗಾಲದಲ್ಲಿ ತೆಗೆದು, ರಾತ್ರಿಯಿಡೀ ನೀರಲ್ಲಿಟ್ಟು, ನೀರು ಬದಲಿಸಿ ಉಪ್ಪು ಬಿಡಿಸಿದ ಮೇಲೆ ರೊಟ್ಟಿಯೋ ಪಲ್ಯವೋ. ಜುಲೈನಲ್ಲಿ ಇದನ್ನು ಓದಿದವರಿಗೆ ಓದಿದ್ದಷ್ಟೇ ಲಾಭ. ಅದಕ್ಕೆ ಈ ವರ್ಷ ಎರಡು ಸಾಲು: ಏಪ್ರಿಲ್ 23ಕ್ಕೆ "ಉಪ್ಪು ಸೊಳೆ: ಈಗ ಭರಣಿಗೆ ಹಾಕಿದರೆ ಆಟಿಗೆ ತೆಗೆಯಬಹುದು", ಜುಲೈ 23ಕ್ಕೆ "ಏಪ್ರಿಲ್‌ನಲ್ಲಿ ಹಾಕಿದ ಸೊಳೆಯಿಂದ ರೊಟ್ಟಿ". ಮೀನಿಗೂ ಇದೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಬಂಗುಡೆ ಪುಳಿಮುಂಚಿ ಹಾಕಿದರೆ ಓದುವವರಿಗೆ ಹೊಟ್ಟೆ ಉರಿ ಅಷ್ಟೇ. ಒಣಮೀನಿನ ಚಟ್ನಿ ಮೇ 14ಕ್ಕೆ, ಜನ ಮಳೆಗಾಲಕ್ಕೆ ಒಣಮೀನು ಕಟ್ಟಿಡುವ ಹೊತ್ತಿಗೆ. ಮಟ್ಟುಗುಳ್ಳಕ್ಕೆ ಇಷ್ಟು ಗಡಿಬಿಡಿ ಇಲ್ಲ, ಪಕ್ಕದ ಊರಿನದ್ದು, ಒಮ್ಮೆ ಬರಲು ಶುರುವಾದರೆ ಬೇಸಿಗೆಯವರೆಗೆ ಸಿಗುತ್ತದೆ. ಹುಳಿ, ಬಜ್ಜಿ, ಪೋಡಿ ಯಾವುದು ಯಾವಾಗ ಆದರೂ ನಡೆಯುತ್ತದೆ.

ಹೊಸ ಶೀಟಿನಲ್ಲಿ ಒಂದು ಸಾಲನ್ನು ದೊಡ್ಡಮ್ಮ ಹೊಡೆದು ಹಾಕಿದರು. ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಅಂತ ನಾವು ಬರೆದಿದ್ದೆವು, ಜನ ತುಂಬಾ ಹುಡುಕುವ ವಿಷಯ ಅಂತ ಖುಷಿಯಲ್ಲಿದ್ದೆವು. "ಅದು ಬೇಡ" ಅಂದರು. "ಅಮಾವಾಸ್ಯೆ ದಿನ ಬೆಳಗಾಗುವ ಮೊದಲು ಕತ್ತಲಲ್ಲಿ ಹೋಗಿ ತೊಗಟೆ ತರುದು. ಮರದ ಗುರ್ತ ಇಲ್ಲದವ ನಿಮ್ಮದು ಓದಿ ಹೋಗಿ ಕಾಸರಕನ ತೊಗಟೆ ತಂದ್ರೆ ಎಂತ ಮಾಡ್ತೀರಿ?" ಕಾಸರಕ ವಿಷದ ಮರ. ಮರ ತಪ್ಪಿ ಆಸ್ಪತ್ರೆ ಸೇರಿದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಬಂದದ್ದು ಉಂಟು. ಅಳತೆ ಎಷ್ಟು ಸರಿ ಬರೆದರೂ ಮರವನ್ನು ಫೋಟೋದಲ್ಲಿ ಗುರುತು ಹಿಡಿಸುವ ಜವಾಬ್ದಾರಿ ನಾವು ಹೊರಲಾರೆವು. ಅದರ ಬದಲು ಕಷಾಯ ಕುಡಿದ ಮೇಲೆ ಉಣ್ಣುವ ಮೆಂತೆ ಗಂಜಿ: ಒಂದು ಕಪ್ ಅಕ್ಕಿಗೆ ಎರಡು ಚಮಚ ಮೆಂತೆ ರಾತ್ರಿಯೇ ನೆನೆಸಿ, ಬೇಯಿಸಿ, ತೆಂಗಿನಹಾಲು, ಬೆಲ್ಲ.

ಕಳೆದ ವರ್ಷದ ಶೀಟನ್ನು ಕಾಪಿ ಮಾಡಿ ವರ್ಷ ಮಾತ್ರ ಬದಲಿಸಿದರೆ ಆಗುವುದಿಲ್ವಾ ಅಂತ ನಮ್ಮಲ್ಲಿ ಒಬ್ಬರು ಕೇಳಿದರು. ಆಗುವುದಿಲ್ಲ. 2025ರಲ್ಲಿ ಆಟಿ ಅಮಾವಾಸ್ಯೆ ಜುಲೈ 24ಕ್ಕೆ ಇತ್ತು. ಈ ವರ್ಷ ಅಧಿಕ ಮಾಸ ಬಂದು ಆಗಸ್ಟ್ 12ಕ್ಕೆ ಹೋಗಿದೆ. ಕಳೆದ ವರ್ಷ ಉಡುಪಿಯಲ್ಲಿ ಚೌತಿ ಮೊದಲು ಬಂತು, ಅಷ್ಟಮಿ ಆಮೇಲೆ. ಈ ವರ್ಷ ಅಷ್ಟಮಿ ಸೆಪ್ಟೆಂಬರ್ ಮೊದಲ ವಾರ, ಚೌತಿ 14ಕ್ಕೆ. ಉಂಡೆ ಮತ್ತು ಕಡುಬಿನ ಸಾಲು ಅದಲುಬದಲಾಯಿತು. ಈಗ ಹಬ್ಬದ ದಿನಾಂಕವನ್ನು ನಾವು ಫೋನಿನಿಂದ ತೆಗೆಯುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್‌ನಿಂದ ತೆಗೆಯುತ್ತೇವೆ. ಅದರಲ್ಲಿ ಗ್ಯಾಸ್ ಬಂದ ದಿನವೂ, ಹಾಲಿನ ಲೆಕ್ಕವೂ ಇರುತ್ತದೆ.

ತಿಂಗಳ ಎರಡನೇ, ನಾಲ್ಕನೇ ಗುರುವಾರ ಅಂತ ಲೆಕ್ಕ ಇಟ್ಟಿದ್ದೇವೆ, ಆದರೆ ಹಬ್ಬ ಬಂದರೆ ಅದು ಸರಿಯುತ್ತದೆ. ಮೆಂತೆ ಗಂಜಿ ಆಗಸ್ಟ್ 6ಕ್ಕೆ. ಚಕ್ಕುಲಿ ಆಗಸ್ಟ್ 20ಕ್ಕೆ, ಯಾಕೆಂದರೆ ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಉದ್ದು ಹುರಿದು, ಮಿಲ್ಲಿಗೆ ಕೊಟ್ಟು ತರಲು ಓದುವವರಿಗೆ ಹತ್ತು ಹನ್ನೆರಡು ದಿನ ಬೇಕು, ದೊಡ್ಡಮ್ಮನ ಆರ್ಡರ್ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮುಚ್ಚುತ್ತದೆ. ಸೆಪ್ಟೆಂಬರ್ 24ರ ಸಾಲಿನಲ್ಲಿ ಡಬ್ಬದ ತಂಬುಳಿ. ಹತ್ತನೇ ತಾರೀಕಿನ ಎದುರು ನಾವು ಏನೂ ಬರೆದಿರಲಿಲ್ಲ. ಶೀಟಿನ ಪ್ರಿಂಟ್ ತೆಗೆದು ಕೊಟ್ಟಾಗ ದೊಡ್ಡಮ್ಮ ಕನ್ನಡಕ ಹಾಕಿ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು, ಆ ಸಾಲಿಗೆ ಬಂದಾಗ ನಿಲ್ಲಿಸಿ "ಇದು ಎಂತ, ಖಾಲಿ?" ಅಂತ ಕೇಳಿದರು. ರಜೆ ಅಂದೆವು. ಪೆನ್ನು ಕೇಳಿ ತಗೊಂಡು ಅಲ್ಲಿ ತಾವೇ ರಜೆ ಅಂತ ಬರೆದುಕೊಂಡರು.